ಗುಲಾಬಿ ಕಡ್ಡಿ, ನೇರಳೆ ಮಣಿ

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಬಸ್ಸು ತಡವಾದರೆ ನಡೆದುಕೊಂಡೇ ಮುಂದಿನ ಸ್ಟಾಪಿಗೆ ಹೋಗುವವಳು ನಾನು. ಹಾಲು ಕಾಯುವ ತನಕ ಒಲೆಯ ಮುಂದೆ ನಿಲ್ಲಲಾರದೆ ಎಷ್ಟು ಸಲ ಕಟ್ಟೆಯೆಲ್ಲ ಹಾಲು ಮಾಡಿದ್ದೇನೋ ಲೆಕ್ಕವಿಲ್ಲ. ಇಂಥವಳು ಹೋಗಿ ಹೋಗಿ ಸೂಕ್ಷ್ಮಜೀವಿ ಪ್ರಯೋಗಾಲಯದ ಕೆಲಸ ಹಿಡಿದೆ. ಇಲ್ಲಿ ಕಾಯುವುದೇ ಕೆಲಸ. ರಕ್ತದ ಸಕ್ಕರೆ ನೋಡುವವರು ಮಧ್ಯಾಹ್ನದ ಊಟಕ್ಕೆ ಮೊದಲೇ ಕೈ ತೊಳೆದುಕೊಂಡು ಹೋಗುತ್ತಾರೆ. ನಮ್ಮದು ಹಾಗಲ್ಲ. ಬ್ಯಾಕ್ಟೀರಿಯಾ ಬೆಳೆಯಬೇಕು, ಬೆಳೆದದ್ದನ್ನು ಎತ್ತಿ ಔಷಧದ ಎದುರು ನಿಲ್ಲಿಸಬೇಕು, ಸಾಯುತ್ತದೋ ಬದುಕುತ್ತದೋ ನೋಡಬೇಕು. ಎರಡಕ್ಕೂ ಒಂದೊಂದು ರಾತ್ರಿ ಬೇಕು. ಅದು ಯಾರ ಅವಸರಕ್ಕೂ ಕಿವಿಗೊಡುವುದಿಲ್ಲ.

ನಮ್ಮ ಲ್ಯಾಬ್ ಚಿಕ್ಕೋಡಿಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಮಾಳಿಗೆಯ ಮೇಲೆ. ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಸಣ್ಣ ಆಸ್ಪತ್ರೆಗಳಿಂದ ಮೂತ್ರ, ಕೀವು, ಕಫ, ರಕ್ತ ಎಲ್ಲವೂ ನಮ್ಮಲ್ಲಿಗೇ ಬರುತ್ತವೆ. ಮೂತ್ರವನ್ನು ಐಸ್ ಡಬ್ಬಿಯಲ್ಲಿಡಿ, ರಕ್ತದ ಬಾಟಲಿಯನ್ನು ಮಾತ್ರ ಐಸಿಗೆ ಮುಟ್ಟಿಸಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ತಂಪಿಗೆ ರಕ್ತದೊಳಗಿನ ಜೀವಿ ಸತ್ತರೆ ನಾನು ಏನನ್ನು ಬೆಳೆಸಲಿ?

ಆ ದಿನ ರಾಯಬಾಗದ ಒಂದು ನರ್ಸಿಂಗ್ ಹೋಮಿನಿಂದ ಬಂದ ಡಬ್ಬಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮೂತ್ರ ತಂಪಾಗಿತ್ತು, ರಕ್ತದ ಬಾಟಲಿ ಬೇರೆ ಚೀಲದಲ್ಲಿತ್ತು. ಎರಡರ ಮೇಲೂ ಒಂದೇ ಹೆಸರು. ಉಗಾರ ಖುರ್ದದ ಹುಡುಗಿ, ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿದೆ. ನಡುಗಿ ನಡುಗಿ ಜ್ವರ, ಬೆನ್ನಿನ ಒಂದು ಪಕ್ಕದಲ್ಲಿ ನೋವು. ಆಂಟಿಬಯಾಟಿಕ್ ಇನ್ನೂ ಶುರು ಮಾಡಿಲ್ಲ ಎಂದು ಡಾಕ್ಟರು ಫಾರ್ಮಿನಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಅದೊಂದು ದೊಡ್ಡ ಪುಣ್ಯ. ಔಷಧ ಚುಚ್ಚಿದ ಮೇಲೆ ಮಾದರಿ ಕಳಿಸಿ, ಏನೂ ಬೆಳೆಯಲಿಲ್ಲವೆಂದು ನಮ್ಮನ್ನು ಬೈಯುವವರೇ ಹೆಚ್ಚು.

ಬಸುರಿಯ ಕಿಡ್ನಿಗೆ ಸೋಂಕು ಇಳಿದರೆ ಅದು ಆಟದ ಮಾತಲ್ಲ. ರಕ್ತಕ್ಕೆ ಹಬ್ಬಿದರೆ ತಾಯಿಯೂ ಹೋಗಬಹುದು, ಹೊಟ್ಟೆಯೊಳಗಿನದೂ ಹೋಗಬಹುದು. ನಾನು ಚಪ್ಪಲಿ ಸಹ ಸರಿಯಾಗಿ ಬಿಡದೆ ಒಳಗೆ ಹೋಗಿ ಮೊದಲು ಮೂತ್ರದ ಗ್ರಾಂ ಸ್ಟೇನಿಗೆ ಕೂತೆ.

ಗ್ರಾಂ ಸ್ಟೇನ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ ಒಣಗಿಸಿ ಬೆಂಕಿಗೆ ತೋರಿಸುವುದು. ಮೇಲೆ ನೇರಳೆ ಬಣ್ಣ ಸುರಿಯುವುದು, ಅದು ಕಚ್ಚಿ ಹಿಡಿಯಲೆಂದು ಅಯೋಡಿನ್ ಸುರಿಯುವುದು, ಆಮೇಲೆ ಸ್ಪಿರಿಟಿನಿಂದ ತೊಳೆಯುವುದು. ಗೋಡೆ ದಪ್ಪಗಿರುವ ಬ್ಯಾಕ್ಟೀರಿಯಾ ನೇರಳೆಯನ್ನು ಬಿಡುವುದಿಲ್ಲ, ಅದು ಗ್ರಾಂ ಪಾಸಿಟಿವ್. ಗೋಡೆ ತೆಳ್ಳಗಿರುವುದು ಬಣ್ಣ ಬಿಟ್ಟು ಬೋಳಾಗುತ್ತದೆ. ಕಡೆಗೆ ಹಾಕುವ ಕೆಂಪು ಬಣ್ಣ ಅದಕ್ಕೆ ಹತ್ತಿ ಗುಲಾಬಿಯಾಗಿ ಕಾಣುತ್ತದೆ, ಅದು ಗ್ರಾಂ ನೆಗೆಟಿವ್. ಬಣ್ಣದ ಜೊತೆ ಆಕಾರ ನೋಡಬೇಕು, ಕಡ್ಡಿಯೋ ಗುಂಡಗೋ ಎಂದು. ಹೆಸರು ಗೊತ್ತಾಗುವುದಿಲ್ಲ, ಆದರೆ ಕುಲ ಗೊತ್ತಾಗುತ್ತದೆ. ಅದೂ ಹತ್ತು ಹದಿನೈದು ನಿಮಿಷದಲ್ಲಿ. ನನ್ನಂಥ ತಾಳ್ಮೆಗೇಡಿಗೆ ಈ ಕೆಲಸದಲ್ಲಿ ಅದೊಂದೇ ಸುಖ.

ಮೈಕ್ರೋಸ್ಕೋಪಿನಲ್ಲಿ ಕೀವಿನ ಕಣಗಳು ತುಂಬಿದ್ದವು. ನಡುನಡುವೆ ಗುಲಾಬಿ ಕಡ್ಡಿಗಳು, ಬೇಕಾದಷ್ಟು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ.

"ಸರ್, ಯುರಿನ್‌ದಾಗ ಗ್ರಾಂ ನೆಗೆಟಿವ್ ಕಡ್ಡಿ ಅದಾವ್ರಿ. ಪಸ್ ಸೆಲ್ ಭಾಳ."

"ಅದನ್ನ ಅನ್ಕೊಂಡಿದ್ದೆ ಮ್ಯಾಡಮ್. ಸೆಫ್ಟ್ರಿಯಾಕ್ಸೋನ್ ಚಾಲೂ ಮಾಡೀನಿ. ನಿಮ್ಮ ಸೆನ್ಸಿಟಿವಿಟಿ ಬರ್ಲಿ, ಬೇಕಾದ್ರ ಬದಲು ಮಾಡೂಣು."

ಆ ಡಾಕ್ಟರು ಒಳ್ಳೆಯವರು, ನಿಧಾನದವರು. ಅವರ ನಿಧಾನವೇ ನನಗೆ ಆಗಾಗ ತಲೆ ಕೆಡಿಸುತ್ತದೆ. ಆದರೆ ಆ ದಿನ ಅವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ, ಮೂತ್ರ ಬಳಿದಿಟ್ಟಿದ್ದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾದ ಗುಲಾಬಿ ಬಣ್ಣದ ವಸಾಹತುಗಳು ಒತ್ತಾಗಿ ಎದ್ದಿದ್ದವು. ಒಂದೇ ಜಾತಿ, ಬೆರಕೆ ಇಲ್ಲ. ಪರೀಕ್ಷೆ ಮಾಡಿದೆ, ಇ. ಕೋಲೈ. ಅದನ್ನು ಇನ್ನೊಂದು ಪ್ಲೇಟಿನ ಮೇಲೆ ತೆಳ್ಳಗೆ ಬಳಿದು, ಔಷಧ ಹೀರಿಸಿದ ಕಾಗದದ ಬಿಲ್ಲೆಗಳನ್ನು ಸುತ್ತ ಇಟ್ಟು ಬೆಚ್ಚನೆಯ ಪೆಟ್ಟಿಗೆಯೊಳಗೆ ಹಾಕಿದೆ. ರಕ್ತದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಏನಾದರೂ ಬೆಳೆದರೆ ಮಬ್ಬಾಗುತ್ತದೆ, ಏನೂ ಆಗಿರಲಿಲ್ಲ. ಚಹಾ ಕುಡಿದು ಬಂದು ಮತ್ತೆ ನೋಡಿದೆ. ಊಟಕ್ಕೆ ಮೊದಲು ನೋಡಿದೆ, ಊಟವಾದ ಮೇಲೆ ನೋಡಿದೆ. ನಮ್ಮ ಲ್ಯಾಬಿನವರು ನಗುತ್ತಾರೆ, ಮ್ಯಾಡಮ್ ದಿಟ್ಟಿಸಿದರೆ ಬ್ಯಾಕ್ಟೀರಿಯಾ ಹೆದರಿ ಬೆಳೆಯುವುದಿಲ್ಲ ಅನ್ನುತ್ತಾರೆ. ನಗಲಿ.

ಸಂಜೆ ಡಾಕ್ಟರಿಗೆ ಫೋನ್ ಮಾಡಿದರೆ ಜ್ವರ ಇಳಿದಿಲ್ಲ ಅಂದರು.

ಅದರ ಮರುದಿನ ಹುಡುಗಿಯ ಗಂಡ ಬೈಕಿನ ಮೇಲೆ ಬಂದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಕಣ್ಣು ಒಳಗೆ ಹೋಗಿದ್ದವು. ರಿಪೋರ್ಟು ವಾಟ್ಸಾಪಿನಲ್ಲಿ ಕಳಿಸುತ್ತೇನೆ ಅಂದರೂ ಕೇಳದೆ ಬಂದಿದ್ದ. ಕಾಗದ ಕೈಗೆ ಕೊಟ್ಟ ಕೂಡಲೇ ಅವನ ಕಣ್ಣು ಸೀದಾ ಕೆಳಗಿನ ಪಟ್ಟಿಗೆ ಇಳಿಯಿತು.

"ಮ್ಯಾಡಮ್, R ಭಾಳ ಬಂದಾವಲ್ರಿ. ಚಲೋ ಅಲ್ಲೇನ್ರಿ?"

"ಚಲೋ ಅಲ್ಲಪ್ಪಾ. R ಅಂದ್ರ ಆ ಔಷಧಕ್ಕ ಈ ಹುಳ ಸಾಯಂಗಿಲ್ಲ ಅಂತ. S ಅಂದ್ರ ಸಾಮಾನ್ಯ ಡೋಸಿಗೆ ಸಾಯ್ತೈತಿ. ನಡುವ I ಬಂದ್ರ, ಡೋಸ್ ಜಾಸ್ತಿ ಕೊಟ್ರ ಸಾಯಬಹುದು ಅಂತ."

ಅವನ ಮುಖ ಇಳಿಯಿತು. ಮೇಜಿನ ಮೇಲಿದ್ದ ಪ್ಲೇಟನ್ನು ನೋಡಿದ. ಬಿಲ್ಲೆಗಳ ಸುತ್ತ ಏನೂ ಬೆಳೆಯದ ಗುಂಡನೆಯ ಜಾಗಗಳಿದ್ದವು, ಕೆಲವು ದೊಡ್ಡವು, ಕೆಲವು ಸಣ್ಣವು, ಕೆಲವು ಬಿಲ್ಲೆಗಳ ಸುತ್ತ ಬಯಲೇ ಇಲ್ಲ.

"ಹಂಗಾರ ಈ ದೊಡ್ಡ ರಿಂಗ್ ಇದ್ದದ್ದ ಕೊಡ್ರಲ್ರಿ. ಅದ ಎಲ್ಲಾರಕಿಂತ ಜೋರ್ ಐತಿ."

ಇದು ಎಲ್ಲರೂ ಮಾಡುವ ಲೆಕ್ಕ. ಓದಿದವರೂ ಮಾಡುತ್ತಾರೆ. ಒಂದೊಂದು ಔಷಧ ಪ್ಲೇಟಿನೊಳಗಿನ ಅಗರು ಜೆಲ್ಲಿಯಲ್ಲಿ ಒಂದೊಂದು ರೀತಿ ಹರಡುತ್ತದೆ, ಒಂದೊಂದಕ್ಕೂ ಅದರದೇ ಗಡಿ ಇದೆ. ಒಂದರ ರಿಂಗನ್ನು ಇನ್ನೊಂದರ ರಿಂಗಿಗೆ ಹೋಲಿಸುವ ಹಾಗಿಲ್ಲ. ಅಷ್ಟೇ ಅಲ್ಲ, ಆ ಪ್ಲೇಟಿನಲ್ಲಿ ಚೆನ್ನಾಗಿ ಸಾಯಿಸಿದ್ದ ನೈಟ್ರೋಫುರಾಂಟೊಯಿನ್ ಗುಳಿಗೆ ಮೂತ್ರಚೀಲದ ಉರಿಗೆ ಸಾಕು, ಕಿಡ್ನಿಯೊಳಕ್ಕೂ ರಕ್ತಕ್ಕೂ ಅದು ಸಾಲುವಷ್ಟು ಹೋಗುವುದಿಲ್ಲ. ಎದುರಿಗೆ S ಇದ್ದರೂ ಇವಳ ಜ್ವರಕ್ಕೆ ಕೆಲಸವಿಲ್ಲ. ಇದನ್ನೆಲ್ಲ ಅವನಿಗೆ ಹೇಳಿದೆ. ರಿಪೋರ್ಟನ್ನು ಕೆಳಗಿನಿಂದ ಓದಬಾರದು, ಮೇಲಿನಿಂದ ಓದಬೇಕು ಎಂದೂ ಹೇಳಿದೆ. ಯಾರದು, ಏನು ಮಾದರಿ, ಯಾವಾಗ ತೆಗೆದದ್ದು, ಗ್ರಾಂ ಸ್ಟೇನಿನಲ್ಲಿ ಏನು ಕಂಡಿತು, ಎಷ್ಟು ಬೆಳೆಯಿತು, ಯಾವುದು ಬೆಳೆಯಿತು. ಇಷ್ಟೂ ಒಂದಕ್ಕೊಂದು ಹೊಂದಿದರೆ ಮಾತ್ರ S ಮತ್ತು R ಗೆ ಅರ್ಥ. ಅವನು ತಲೆಯಾಡಿಸಿದ. ಅರ್ಧ ಕೇಳಿಸಿತೋ ಇಲ್ಲವೋ, ಪಾಪ.

ಸೆಫ್ಟ್ರಿಯಾಕ್ಸೋನ್ ಎದುರಿಗೆ R ಇತ್ತು. ಡಾಕ್ಟರು ಅದನ್ನು ನಿಲ್ಲಿಸಿ ಮೆರೋಪೆನೆಮ್ ಶುರು ಮಾಡಿದರು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಧ್ಯಾಹ್ನ ಅವರೇ ಫೋನ್ ಮಾಡಿದರು. ಹುಡುಗಿ ಮತ್ತೆ ನಡುಗುತ್ತಿದ್ದಾಳೆ, ಮಗುವಿನ ಎದೆಬಡಿತ ಜೋರಾಗಿದೆ, ನಾಳೆಯೊಳಗೆ ಜ್ವರ ಇಳಿಯದಿದ್ದರೆ ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ ಅಂದರು. ಧ್ವನಿಯಲ್ಲಿ ಯಾವತ್ತಿನ ನಿಧಾನ ಇರಲಿಲ್ಲ. ಫೋನ್ ಇಟ್ಟು ಸೀದಾ ಹೋಗಿ ರಕ್ತದ ಬಾಟಲಿ ಎತ್ತಿದೆ.

ಬಾಟಲಿ ಮಬ್ಬಾಗಿತ್ತು.

ಸಿರಿಂಜಿನಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಗೆ ಹಾಕಿದೆ, ಇನ್ನೊಂದನ್ನು ಪ್ಲೇಟಿಗೆ ಬಳಿದೆ. ಬಣ್ಣ ಹಾಕುವಾಗ ನನ್ನ ಮನಸ್ಸಿನಲ್ಲಿ ಉತ್ತರ ಆಗಲೇ ಇತ್ತು, ಮೂತ್ರದಲ್ಲಿದ್ದ ಗುಲಾಬಿ ಕಡ್ಡಿಯೇ ರಕ್ತಕ್ಕೂ ಇಳಿದಿದೆ ಅಂತ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಕಡ್ಡಿ ಒಂದೂ ಇಲ್ಲ. ಗುಂಡನೆಯ ನೇರಳೆ ಮಣಿಗಳು. ಎರಡೆರಡು ಜೋಡಿ, ಅಲ್ಲಲ್ಲಿ ನಾಲ್ಕಾರು ಕೂಡಿದ ಸಣ್ಣ ಸರ.

ಮೊದಲು ನನ್ನ ಮೇಲೆಯೇ ಸಿಟ್ಟು ಬಂತು. ಅವಸರದಲ್ಲಿ ತೊಳೆದದ್ದು ಕಡಿಮೆಯಾಗಿರಬೇಕು. ಹಾಗಾದರೆ ಗುಲಾಬಿಯಾಗಬೇಕಾದದ್ದೂ ನೇರಳೆಯಾಗಿ ಉಳಿಯುತ್ತದೆ. ಇನ್ನೊಂದು ಪಟ್ಟಿ ಮಾಡಿದೆ. ಪಕ್ಕದಲ್ಲಿ ಗೊತ್ತಿರುವ ಎರಡು ಬ್ಯಾಕ್ಟೀರಿಯಾ, ಒಂದು ನೇರಳೆಯದು ಒಂದು ಗುಲಾಬಿಯದು, ಅವಕ್ಕೂ ಅದೇ ಬಣ್ಣ ಹಾಕಿದೆ. ಅವೆರಡೂ ಬರಬೇಕಾದ ಹಾಗೆಯೇ ಬಂದವು. ರಕ್ತದ್ದು ಮತ್ತೆ ನೇರಳೆ ಮಣಿಯೇ. ಬಣ್ಣ ತಪ್ಪಬಹುದು, ಆಕಾರ ಎಲ್ಲಿ ತಪ್ಪುತ್ತದೆ? ಎಷ್ಟು ತೊಳೆದರೂ ಕಡ್ಡಿ ಗುಂಡಗಾಗುವುದಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ.

"ಸರ್, ರಕ್ತದಾಗ ಬ್ಯಾರೇನ ಐತ್ರಿ. ಗ್ರಾಂ ಪಾಸಿಟಿವ್, ಗುಂಡಂದು, ಸರ ಸರ."

"ಚರ್ಮದ ಮ್ಯಾಲಿನ ಹುಳ ಹತ್ತಿರಬೇಕ ಮ್ಯಾಡಮ್. ಸೂಜಿ ಚುಚ್ಚೂ ಮುಂದ."

"ಚರ್ಮದ್ದು ಗೊಂಚಲ ಗೊಂಚಲ ಇರ್ತೈತ್ರಿ. ಇದು ಸರ ಐತಿ."

ಅವರು, "ಯುರಿನ್‌ದಾಗ ಅಷ್ಟೊಂದು ಇ. ಕೋಲೈ ಐತಿ, ನೀವ ಬರದು ಕೊಟ್ಟೀರಿ. ಮೆರೋಪೆನೆಮ್ ಹೊಂಟೈತಿ. ನಾಳಿ ಹೆಸರು ಹೇಳ್ರಿ, ಆವಾಗ ನೋಡೂಣು" ಅಂದರು.

ಅವರು ಹೇಳಿದ್ದೂ ಸುಳ್ಳಲ್ಲ. ಬರೆದು ಕೊಟ್ಟವಳು ನಾನೇ. ಆದರೆ ನನ್ನ ತಲೆಯಲ್ಲಿ ಒಂದು ಮಾತು ಒಂದೇ ಸಮನೆ ಕುಟ್ಟತೊಡಗಿತು. ಕಿಡ್ನಿಯಿಂದ ರಕ್ತಕ್ಕೆ ಇಳಿದದ್ದಾದರೆ ಎರಡೂ ಕಡೆ ಒಂದೇ ಇರಬೇಕು. ಒಂದೇ ಹೊತ್ತಿಗೆ, ಒಬ್ಬಳದೇ ಮೈಯಿಂದ ತೆಗೆದ ಎರಡು ಮಾದರಿ, ಒಂದರಲ್ಲಿರುವುದರ ಸುಳಿವೂ ಇನ್ನೊಂದರಲ್ಲಿಲ್ಲ. ರಕ್ತದಲ್ಲಿರುವುದು, ನಾನು ಅಂದುಕೊಂಡ ಹಾಗೆ, ಇಂಥದೇ ಸಣ್ಣ ಸರ ಕಟ್ಟುವ ಎಂಟೆರೋಕಾಕಸ್ ಎಂಬ ಬ್ಯಾಕ್ಟೀರಿಯಾ ಆದರೆ ಸೆಫ್ಟ್ರಿಯಾಕ್ಸೋನ್ ಅದಕ್ಕೆ ನೀರು ಕೊಟ್ಟ ಹಾಗೆ, ಮೆರೋಪೆನೆಮ್ ಕೂಡ ನೆಚ್ಚುವಂಥದ್ದಲ್ಲ. ಹೆಸರು ಗೊತ್ತಾಗಲು ನಾಳೆ ಆಗಬೇಕು. ನಾಳೆಯ ತನಕ ಆ ಹುಡುಗಿ ನಡುಗುತ್ತಾ ಮಲಗಿರಬೇಕು. ಕುರ್ಚಿಯಿಂದ ಎದ್ದೆ, ಕೂತೆ, ಎದ್ದೆ. ಒಂದು ಹೊಸ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ರಾಯಬಾಗದ ಬಸ್ಸು ಹತ್ತಿದೆ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಹಿಂದೆ ಎರಡೆರಡು ಟ್ರೇಲರು ಕಟ್ಟಿಕೊಂಡು ರಸ್ತೆಯ ಯಜಮಾನರ ಹಾಗೆ ಹೊರಟಿದ್ದವು. ಡ್ರೈವರಿಗೆ ಹಾರ್ನು ಹೊಡೆಯಿರಿ ಅಂದೆ. "ಹೊಡದ್ರ ಹಾರಿ ಹೊಕ್ಕಾವೇನ್ರಿ ಅಕ್ಕಾರ" ಅಂದ. ಬಾಯಿ ಮುಚ್ಚಿಕೊಂಡು ಕೂತೆ.

ನರ್ಸಿಂಗ್ ಹೋಮಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹಸಿರು ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಕೈಯಲ್ಲಿ ಒದ್ದೆ ಬಟ್ಟೆ. ಅದನ್ನು ಹಿಂಡುವುದು, ಒಳಗೆ ಹೋಗಿ ಸೊಸೆಯ ಹಣೆಯ ಮೇಲೆ ಹಾಕುವುದು, ಬಂದು ಕೂಡುವುದು. ಹುಡುಗಿಯ ಅತ್ತೆ ಅಂತ ಸಿಸ್ಟರ್ ಹೇಳಿದಳು. ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ಸೀಮಂತದ ಕುಬಸಕ್ಕೆ ಇಟ್ಟ ಹಸಿರು ಬಳೆ ಕೈ ತುಂಬ ಇದ್ದವು, ನಡುಗಿದಾಗಲೆಲ್ಲ ಸದ್ದು ಮಾಡುತ್ತಿದ್ದವು.

ನಾನು ಡಬ್ಬಿ ತೆಗೆದೆ. "ಇನ್ನೊಮ್ಮೆ ಯುರಿನ್ ಬೇಕಾಗೇತಿ ಆಯಿ."

ಮುದುಕಿ ಎದ್ದು ಕೈ ಚಾಚಿದಳು. "ತರ್ರಿ ಇಲ್ಲಿ. ನಾನ ಕರಕೊಂಡ ಹೋಗಿ ತರ್ತೀನಿ. ಮೊನ್ನೀನೂ ನಾನ ತಂದೀನಿ."

"ಈ ಸಲ ನಾನೂ ಬರ್ತೀನಿ."

"ನೀವ್ಯಾಕ್ರಿ ಮ್ಯಾಡಮ್, ಹೊಲಸ ಕೆಲಸ."

"ಹೊಲಸದಾಗ ನನ್ನ ಹೊಟ್ಟಿ ತುಂಬತೈತಿ ಆಯಿ, ಬರ್ತೀನಿ."

ಅವಳು ಡಬ್ಬಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಒಂದು ಡಬ್ಬಿಗೆ ನಾಲ್ಕು ಕೈ. ಮೊನ್ನೆಯೂ ತಾನೇ ತಂದೆ ಅಂದದ್ದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತ್ತು. ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ.

"ಆಯಿ, ಮೊನ್ನಿ ಡಬ್ಬ್ಯಾಗ ಇದ್ದದ್ದು ಅಕಿದಾ?"

ಮುದುಕಿ ಗೋಡೆ ನೋಡಿದಳು. ನಾನು ಮತ್ತೆ ಕೇಳಲಿಲ್ಲ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತೋ ಗೊತ್ತಿಲ್ಲ, ಕಾದೆ.

"ಅವತ್ತ ಅಮಾಸಿ ಇತ್ರಿ" ಅಂದಳು. "ಬಸರಿ ಹುಡಗಿ ಮೈದು ಏನೂ ಮನಿ ಬಿಟ್ಟ ಹೊರಗ ಕೊಡಬಾರದ್ರಿ. ಉಗರ ಸುದ್ದಾ ಕೊಡಬಾರದು. ಯಾರ ಕೈಯಾಗ ಸಿಗತೈತೋ, ಯಾರ ಮಾಟ ಕರಣಿ ಮಾಡ್ತಾರೋ. ರಕ್ತ ತಗೀಬ್ಯಾಡ್ರಿ ಅಂದ್ನಿ, ಡಾಕ್ಟರ್ ಬೈದ್ರು. ಅದು ಅವರ ಮುಂದನ ತಗದ್ರು, ನನ್ನ ಕೈಯಾಗ ಇರ್ಲಿಲ್ಲ. ಇದು ನನ್ನ ಕೈಯಾಗ ಇತ್ತು." ಸ್ವಲ್ಪ ತಡೆದು, "ನಂದ ಕೊಟ್ನಿ. ಒಂದ ಮನಿ, ಒಂದ ಒಲಿ, ಒಂದ ನೀರ. ಎಲ್ಲಾರದೂ ಅದ ಇರ್ತೈತಲ್ರಿ" ಅಂದಳು.

ನನಗೆ ಬಂದ ಸಿಟ್ಟನ್ನು ಬರೆದು ತೋರಿಸಲಾರೆ. 

"ನಿಮ್ಮ ಉಚ್ಚಿ ನೋಡಿ ಅಕಿಗಿ ಔಷಧ ಕೊಡಾಕತ್ತಾರ ಆಯಿ" ಅಂದೆ. "ಅಕಿ ರೋಗಕ್ಕ ಇನ್ನೂ ಒಂದು ಹನಿ ಔಷಧ ಹೋಗಿಲ್ಲ. ಕರಣಿ ಯಾರೂ ಮಾಡಿಲ್ಲ, ನೀವ ಮಾಡೀರಿ."

ಆ ಕೊನೆಯ ಮಾತು ಕಟುವಾಗಿತ್ತು. ಮುದುಕಿ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. "ಸಾಯ್ತಾಳೇನ್ರಿ?" ಅಂತ ಒಂದೇ ಮಾತು ಕೇಳಿದಳು. ಗೊತ್ತಿಲ್ಲ ಅಂದೆ, ಯಾಕೆಂದರೆ ನಿಜವಾಗಿ ಗೊತ್ತಿರಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಂಟೆರೋಕಾಕಸಿಗೆ ನಾಟುವ ಆಂಪಿಸಿಲಿನ್ ತರಲು ಸಿಸ್ಟರನ್ನು ಓಡಿಸಿದರು. ಅಷ್ಟು ಹಳೆಯ, ಅಷ್ಟು ಸಾದಾ ಔಷಧ. ಆ ಊರಿನ ಯಾವ ಔಷಧದಂಗಡಿಯಲ್ಲೂ ಸಿಗುವಂಥದ್ದು. ನಾನು ಹುಡುಗಿಯನ್ನು ಎಬ್ಬಿಸಿ, ತೋಳು ಹಿಡಿದು ಕರೆದುಕೊಂಡು ಹೋಗಿ, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು ತಂದೆ. ಆಮೇಲೆ ಸಿಸ್ಟರ್ ಸೂಜಿ ಚುಚ್ಚಿದಳು. ನಾನು ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ಬಸ್ಸು ಹತ್ತಿದೆ.

ಚಿಕ್ಕೋಡಿಗೆ ಬಂದು ಬಣ್ಣ ಹಾಕಿದರೆ ಅಲ್ಲಿಯೂ ನೇರಳೆ ಮಣಿ, ಜೋಡಿ ಜೋಡಿ, ಸಣ್ಣ ಸರ. ಕಡ್ಡಿ ಹುಡುಕಿದೆ, ಪಟ್ಟಿಯ ಮೂಲೆ ಮೂಲೆ ಹುಡುಕಿದೆ. ಒಂದೂ ಇರಲಿಲ್ಲ. ಫೋನ್ ಮಾಡಿ ಹೇಳಿದೆ.

"ಮಿರಜಿಗಿ ಕಳಸಲೋ, ಇಲ್ಲೇ ಇಟ್ಕೊಳ್ಳಲೋ?" ಅಂತ ಕೇಳಿದರು ಡಾಕ್ಟರು. ಅದನ್ನು ನನ್ನನ್ನು ಕೇಳಿದರೋ, ತಮ್ಮನ್ನೇ ಕೇಳಿಕೊಂಡರೋ. ಬೆಳಗಿನ ತನಕ ನೋಡುತ್ತೇನೆ, ಗಾಡಿ ಬಾಗಿಲಿಗೇ ತಂದು ನಿಲ್ಲಿಸಿರುತ್ತೇನೆ ಅಂದರು.

ಆ ರಾತ್ರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ನಿದ್ದೆ ಬರಲಿಲ್ಲ ಅಷ್ಟೇ. ಬೆಳಗಾಗುವ ಮೊದಲೇ ಲ್ಯಾಬಿನ ಬೀಗ ತೆಗೆದೆ. ರಕ್ತದ ಪ್ಲೇಟಿನ ಮೇಲೆ ಸಣ್ಣ ಬೂದು ಬಣ್ಣದ ವಸಾಹತುಗಳಿದ್ದವು. ಹೆಸರು ಹಿಡಿಯುವ ಪರೀಕ್ಷೆಗಳಿಗೆ ಇಟ್ಟೆ, ಔಷಧದ ಬಿಲ್ಲೆಗಳ ಎದುರು ನಿಲ್ಲಿಸಿದೆ. ಎಂಟೆರೋಕಾಕಸ್ ಬೆಳೆದರೆ ಕಪ್ಪಾಗುವ ಒಂದು ನಳಿಗೆ ಇದೆ, ಮಧ್ಯಾಹ್ನದ ಹೊತ್ತಿಗೆ ಅದು ಕಪ್ಪಾಯಿತು. ಡಾಕ್ಟರಿಗೆ ಹೇಳಲು ಫೋನ್ ಎತ್ತುವಷ್ಟರಲ್ಲಿ ಅವರದೇ ಬಂತು.

"ಮ್ಯಾಡಮ್, ಬೆಳಗಿಂದ ನಡುಗಿಲ್ಲ. ಕೂಸಿನ ಬಡಿತ ಇಳದೈತಿ. ಗಾಡಿ ವಾಪಸ್ ಕಳಿಸಿದೆ."

ನಾನು ಲ್ಯಾಬಿನ ನೆಲದ ಮೇಲೆ ಕೂತುಬಿಟ್ಟೆ. ಕುರ್ಚಿ ಪಕ್ಕದಲ್ಲೇ ಇತ್ತು.

ಮರುದಿನ ಸೆನ್ಸಿಟಿವಿಟಿ ಬಂತು. ಆಂಪಿಸಿಲಿನ್ ಎದುರಿಗೆ S. ಹೊಸ ರಿಪೋರ್ಟು ನೋಡಿ ಡಾಕ್ಟರು, "ಇದರಾಗ ಸೆಫ್ಟ್ರಿಯಾಕ್ಸೋನ್ ಬಿಟ್ಟೀರಲ್ರಿ" ಅಂದರು. ಬಿಟ್ಟದ್ದಲ್ಲ, ಬರೆಯಲೇಬಾರದು. ಆ ಗುಂಪಿನ ಔಷಧಕ್ಕೆ ಎಂಟೆರೋಕಾಕಸ್ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಪ್ಲೇಟಿನಲ್ಲಿ ಏನಾದರೂ ರಿಂಗು ಕಂಡು, ಅದನ್ನು ನಂಬಿ ನಾನು S ಹೊಡೆದರೆ ಒಂದು ಜೀವ ಹೋದೀತು. ಪಟ್ಟಿಯಲ್ಲಿ ಒಂದು ಹೆಸರು ಇಲ್ಲದಿರುವುದೂ ರಿಪೋರ್ಟೇ. ಅವರು "ಹಾಂ, ಹೌದಲ್ಲ" ಅಂದು ನಕ್ಕರು. ಆ ನಗು ಕೇಳಿ ನನಗೂ ಹಗುರಾಯಿತು.

ಆದರೆ ಒಂದು ಕೆಲಸ ಉಳಿದಿತ್ತು. ಮೊದಲು ಕೊಟ್ಟ ಮೂತ್ರದ ರಿಪೋರ್ಟು ಹುಡುಗಿಯ ಹೆಸರಿನಲ್ಲೇ ಇತ್ತು. ಅದನ್ನು ರದ್ದು ಮಾಡಬೇಕು, ಯಾಕೆ ರದ್ದು ಎಂದೂ ಬರೆಯಬೇಕು. ಹಳೆಯದರ ಪ್ರತಿ, ಹೊಸ ಕಾಗದ ಎರಡನ್ನೂ ಹಿಡಿದು ಮತ್ತೆ ರಾಯಬಾಗಕ್ಕೆ ಹೋದೆ. ಮುದುಕಿ ನನ್ನನ್ನು ಗೇಟಿನಲ್ಲೇ ಹಿಡಿದಳು. ಡಾಕ್ಟರಿಂದ ವಿಷಯ ತಿಳಿದು ಕಾಯುತ್ತಾ ನಿಂತಿದ್ದಳು ಅಂತ ಕಾಣುತ್ತದೆ.

"ಬರೀಬ್ಯಾಡ್ರಿ ಮ್ಯಾಡಮ್. ಮಗಗ ಗೊತ್ತಾದ್ರ ನನ್ನ ಮಾರಿ ನೋಡಂಗಿಲ್ಲ. ಮೊಮ್ಮಗನ್ನ ಎತ್ಕೊಳ್ಳಾಕ ಕೊಡಂಗಿಲ್ಲ. ಈಗ ಆರಾಮ ಆಗ್ಯಾಳಲ್ರಿ."

"ಆ ಹಳೀ ಕಾಗದ ಅಕಿ ಫೈಲಿನ್ಯಾಗ ಉಳೀತಂದ್ರ ನಾಳಿ ಹೆರಿಗ್ಯಾಗ ಯಾವ ಡಾಕ್ಟರ್ ನೋಡಿ ಯಾವ ಔಷಧ ಚುಚ್ಚತಾನೋ ಆಯಿ. ಮೊನ್ನಿ ಆದದ್ದ ಮತ್ತ ಆಗ್ಲಿ ಏನ್?"

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.  ಆಮೇಲೆ ನನಗಿಂತ ಮುಂದೆ ವಾರ್ಡಿಗೆ ನಡೆದಳು.

ಮಗ ಒಳಗೆ ಹೆಂಡತಿಗೆ ಮೋಸಂಬಿ ಸುಲಿದು ಕೊಡುತ್ತಿದ್ದ. ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು, ಕೈಯಲ್ಲಿ ಸಲೈನಿನ ಸೂಜಿ. ಮುದುಕಿ ಮಂಚದ ಕಾಲಿನ ಹತ್ತಿರ ನಿಂತು, ಮುನ್ನುಡಿ ಇಲ್ಲದೆ, ಮೆಟ್ಟಿಲ ಹತ್ತಿರ ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಅಮಾಸಿ, ಕರಣಿ, ನಂದ ಕೊಟ್ನಿ. ಒಂದು ಮಾತೂ ಬಿಡಲಿಲ್ಲ.

ಮಗನ ಕೈಯಿಂದ ಮೋಸಂಬಿ ಉರುಳಿತು. "ಅಕಿ ಹೋಗ್ತಿದ್ಲಲ್ಲಬೇ" ಅಂದ. ಕೂಗಲಿಲ್ಲ, ಹೊಟ್ಟೆಯೊಳಗಿನಿಂದ ಬಂದ ಧ್ವನಿ. "ಇಬ್ರೂ ಹೋಗ್ತಿದ್ರು." ಎದ್ದು ಗೋಡೆಗೆ ಮುಖ ಮಾಡಿ ನಿಂತ. ಮುದುಕಿ ತಲೆ ತಗ್ಗಿಸಿದಳು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಕೈಯಲ್ಲಿದ್ದ ಕಾಗದಗಳನ್ನು ಸುಮ್ಮನೆ ಜೋಡಿಸುತ್ತಾ ನಿಂತೆ.

"ಅದ ಕೊಡ್ರಿ ಇಲ್ಲಿ" ಅಂದಳು ಹುಡುಗಿ. ಹಳೆಯ ರಿಪೋರ್ಟು. ಕೊಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಒಂದು ಕಡೆ ಬೆರಳು ನಿಂತಿತು.

"ಪಸ್ ಸೆಲ್ ಭಾಳ ಅಂತ ಬರದೀರಿ. ಹಂಗಂದ್ರ ಇದು ಕೀವೇನ್ರಿ?"

"ಹೌದವಾ."

ಅವಳು ಕಾಗದದಿಂದ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ಅತ್ತಿ, ನಿಮಗ ಉರಿ ಆಗತೈತೇನ್ರಿ?"

ಮುದುಕಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಗಂಡುಮಗ ಅಲ್ಲಿದ್ದ, ಅವನ ಎದುರು ಇಂಥ ಮಾತು. ಸೊಸೆ ಮತ್ತೆ ಕೇಳಿದಳು.

"ವಯಸ್ಸಾತ. ಇರೂದವಾ" ಅಂದಳು ಮುದುಕಿ. ಆಮೇಲೆ ಇನ್ನೂ ಸಣ್ಣ ಧ್ವನಿಯಲ್ಲಿ, "ಕಬ್ಬಿನ ಹೊಲದಾಗ ಎಲ್ಲಿ ಹೋಗೂದು, ತಡಕೊಂಡ ತಡಕೊಂಡ ರೂಢಿ ಆಗೇತಿ. ನೀರ ಕುಡ್ಯಾಕ ಸುದ್ದಾ ಅಂಜಿಕಿ" ಅಂದಳು.

ಗೋಡೆಗೆ ಮುಖ ಮಾಡಿದ್ದ ಮಗ ತಿರುಗಿದ. 

ಅಷ್ಟರಲ್ಲಿ ಡಾಕ್ಟರು ಬಂದರು. ವಿಷಯ ಕೇಳಿ, ಉರಿ ಇದೆ ಅಂದ ಮೇಲೆ ಔಷಧ ಕೊಡಲೇಬೇಕು, ಆದರೆ ಬೇರೆಯವರ ಹೆಸರಿನ ಮಾದರಿ ನಂಬಿ ಕೊಡುವುದಿಲ್ಲ, ಹೊಸದಾಗಿ ತೆಗೆಯಿರಿ ಅಂದರು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಡಬ್ಬಿ ಇರುತ್ತದೆ. ತೆಗೆದು ಮುದುಕಿಗೆ ಕೊಟ್ಟೆ. ಅವಳು ತೆಗೆದುಕೊಂಡಳು, ಆದರೆ ಹೆಜ್ಜೆ ಎತ್ತಲಿಲ್ಲ. ಪಾಯಿಖಾನೆ ವಾರ್ಡಿನ ತುದಿಯಲ್ಲಿ, ಬಾಗಿಲಿನ ಚಿಲಕ ಮುರಿದಿತ್ತು, ಹೊರಗೆ ಗಂಡಸರು ಓಡಾಡುತ್ತಿದ್ದರು.

ಹುಡುಗಿ ಕಾಲು ಕೆಳಗಿಟ್ಟಳು. ಗಂಡ ಹಿಡಿಯಲು ಬಂದರೆ ಬೇಡ ಅಂದಳು. ಒಂದು ಕೈಯಲ್ಲಿ ಸಲೈನಿನ ಕಂಬ ತಳ್ಳಿಕೊಂಡು, ಇನ್ನೊಂದು ಕೈಯಿಂದ ಅತ್ತೆಯ ತೋಳು ಹಿಡಿದು, ನಿಧಾನವಾಗಿ ಆ ತುದಿಗೆ ನಡೆದಳು.

"ಹೋಗ್ರಿ ಒಳಗ" ಅಂದಳು. "ಬಾಗಲಕ ನಾ ನಿಂದರ್ತೀನಿ."

ಮುದುಕಿ ಒಳಗೆ ಹೋದಳು. ಹುಡುಗಿ ಬಾಗಿಲಿಗೆ ಬೆನ್ನು ಕೊಟ್ಟು, ತುಂಬಿದ ಹೊಟ್ಟೆಯನ್ನು ಮುಂದೆ ಮಾಡಿಕೊಂಡು ನಿಂತಳು. ಒಳಗಿನಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಮುದುಕಿ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಹುಡುಗಿ ತಿರುಗಲಿಲ್ಲ, ಬಾಗಿಲು ಬಿಟ್ಟು ಸರಿಯಲೂ ಇಲ್ಲ.

"ಅವಸರ ಇಲ್ಲ ಅತ್ತಿ" ಅಂದಳು. "ಸಾವಕಾಶ ಬರ್ರಿ."